ಸಂಪಾದಕರ ಮಾತು: ಲಗತ್ತಿಸಿದ್ದನ್ನು ಹುಡುಕಿದ ಕಥೆ

ಈ ಸಂಚಿಕೆ ವಾಚಕರ ಕೈಸೇರುವುದು ನಾಲ್ಕು ದಿನ ತಡವಾಯಿತು. ಕಾಗದದ ಅಭಾವವೇ ಕಾರಣವೆಂದು ಒಂದು ಮಾತಿನಲ್ಲಿ ಮುಗಿಸಬಹುದಾಗಿತ್ತು. ಆದರೆ ಆ ವಾರ್ತೆಯನ್ನು ಹೊತ್ತುಬಂದ ಪತ್ರವು ಅಭಾವಕ್ಕಿಂತಲೂ ಸ್ವಾರಸ್ಯವಾಗಿದ್ದುದರಿಂದ ಅದನ್ನು ಕುರಿತೇ ಬರೆಯುವ ಮನಸ್ಸಾಗಿದೆ.

ನಮ್ಮ ಮುದ್ರಣಾಲಯಕ್ಕೆ ಕಾಗದ ಒದಗಿಸುವ ವರ್ತಕರು ತಮ್ಮ ಇಂಗ್ಲಿಷ್ ಇ-ಮೇಲನ್ನು ಯಾರಿಂದಲೋ ಕನ್ನಡ ಮಾಡಿಸಿ ಕಳುಹಿಸಿದ್ದರು. ಅದು ಹೀಗಿತ್ತು: “ಪ್ರಿಯ ಸರ್, ಈ ಮಿಂಚಂಚೆಯು ನಿಮ್ಮನ್ನು ಕ್ಷೇಮವಾಗಿ ಕಂಡುಕೊಳ್ಳುತ್ತದೆ ಎಂದು ಆಶಿಸುತ್ತೇವೆ. ದಯವಿಟ್ಟು ಲಗತ್ತಿಸಲ್ಪಟ್ಟ ಬಿಲ್ಲನ್ನು ಹುಡುಕಿರಿ. ನಿಮ್ಮಿಂದ ಆದೇಶಿಸಲ್ಪಟ್ಟ 40 ರೀಮು ಮ್ಯಾಪ್‌ಲಿಥೋ ಕಾಗದದ ವಿತರಣೆಯು ಗಿರಣಿಯಲ್ಲಿನ ಅನಿರೀಕ್ಷಿತ ಸ್ಥಗಿತದ ಕಾರಣದಿಂದ ವಿಳಂಬಿಸಲ್ಪಟ್ಟಿದೆ ಎಂದು ತಿಳಿಸಲು ನಾವು ವಿಷಾದಿಸುತ್ತೇವೆ. ಅದು 18ರ ಒಳಗೆ ತಲುಪುವ ನಿರೀಕ್ಷೆಯಿದೆ. ನಿಮ್ಮ ಮಹೋನ್ನತ ಮೊತ್ತ ರೂ. 26,500 ಅನ್ನು ತೆರವುಗೊಳಿಸಿ ದಯವಿಟ್ಟು ಬೇಗನೆ ಹಿಂತಿರುಗಿರಿ.” ಮುದ್ರಣಾಲಯದ ಯಜಮಾನರು ಎರಡು ಸಲ ಓದಿ, “ಏನು ಸ್ವಾಮಿ, ಬಿಲ್ಲು ಕಳೆದುಕೊಂಡವರು ಅವರು, ಹುಡುಕಬೇಕಾದವನು ನಾನೋ?” ಎಂದರು.

‘ಮಹೋನ್ನತ’ವೂ ‘ಹಿಂತಿರುಗಿ’ಯೂ ನಿಘಂಟಿನ ಮೊದಲ ಅರ್ಥವನ್ನೇ ನಂಬಿದುದರ ಫಲ, ಅಂಗಡಿಯ ಹುಡುಗನೂ ಅವನ್ನು ‘ಬಾಕಿ’, ‘ಉತ್ತರ ಕೊಡಿ’ ಎಂದು ತಿದ್ದಿಯಾನು. ಕ್ಷೇಮದ ಮಾತಿಗಾದರೂ ನಮ್ಮ ಹಿರಿಯರ ಪತ್ರಗಳಲ್ಲಿ ‘ಉಭಯಕುಶಲೋಪರಿ’ ಎಂಬ ಒಂದೇ ಪದವಿತ್ತು. ಈಗಿನ ವ್ಯಾಪಾರಪತ್ರಕ್ಕೆ ‘ಮಾನ್ಯರೇ, ನಮಸ್ಕಾರ’ ಎಂದರೆ ಸಾಕು. ನಿಜವಾದ ತೊಡಕಿರುವುದು ‘ಲ್ಪಡು’ ಎಂಬ ಪ್ರತ್ಯಯದಲ್ಲಿ. ಕರ್ತೃವನ್ನು ಮರೆಮಾಡಬೇಕೆಂದಾಗ ಇಂಗ್ಲಿಷು ಕರ್ಮಣಿಪ್ರಯೋಗದ ಮೊರೆಹೋಗುವುದು ಅದರ ಜಾಯಮಾನ. ಕನ್ನಡಕ್ಕೆ ಆ ಪ್ರಯಾಸವೇ ಬೇಡ. ‘ಬಿಲ್ಲನ್ನು ಇದರೊಂದಿಗೆ ಲಗತ್ತಿಸಿದೆ’ ಎಂಬಲ್ಲಿ ಕರ್ಮಪದವು ತನ್ನ ದ್ವಿತೀಯಾ ವಿಭಕ್ತಿಯನ್ನು ಬಿಡದೆ ನಿಂತಿದ್ದರೂ ಲಗತ್ತಿಸಿದವರಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಹಾಗೆಯೇ ‘ನಿಮ್ಮಿಂದ ಆದೇಶಿಸಲ್ಪಟ್ಟ ಕಾಗದ’ವು ‘ನೀವು ಕೇಳಿದ್ದ ಕಾಗದ’ವಾಗಿ, ‘ವಿಳಂಬಿಸಲ್ಪಟ್ಟಿದೆ’ ಎಂಬುದು ‘ತಡವಾಗಿದೆ’ ಎಂದು ಹಗುರಾಗುವುದು.

ಇನ್ನೊಂದು ತೊಡಕು ವಾಕ್ಯದ ಅನುಕ್ರಮದ್ದು. ವಿಷಾದವನ್ನು ಮುಂದಿಟ್ಟು, ವಿಳಂಬವನ್ನು ನಡುವಿಟ್ಟು, ಕಾರಣವನ್ನು ಬಾಲದಂತೆ ಕಟ್ಟುವುದು ಇಂಗ್ಲಿಷಿನ ರೀತಿ. ಕಾರಣವನ್ನು ಮೊದಲು ಹೇಳಿ ಕ್ರಿಯಾಪದದಲ್ಲಿ ಬಂದು ನಿಲ್ಲುವುದು ನಮ್ಮ ರೀತಿ. ‘ಗಿರಣಿಯು ಅನಿರೀಕ್ಷಿತವಾಗಿ ನಿಂತುದರಿಂದ ನೀವು ಕೇಳಿದ್ದ 40 ರೀಮು ಕಾಗದ ಬರುವುದು ತಡವಾಗಿದೆ, ಇದಕ್ಕಾಗಿ ವಿಷಾದಿಸುತ್ತೇವೆ’ ಎಂದು ನಾವು ತಿದ್ದಿದೆವು. ಇಲ್ಲಿ ‘ಕ್ಷಮಿಸಬೇಕು’ ಎಂದು ಬರೆಯಲು ಲೇಖನಿಯೇನೋ ಹವಣಿಸಿತು, ಆದರೆ ಮೂಲದಲ್ಲಿದ್ದುದು ಖೇದವೇ ಹೊರತು ತಪ್ಪೊಪ್ಪಿಗೆಯಲ್ಲ. ವರ್ತಕರು ಹೊರದ ಹೊಣೆಯನ್ನು ಅನುವಾದಕನು ಸೌಜನ್ಯದ ಭರದಲ್ಲಿ ಅವರ ಹೆಗಲಿಗೇರಿಸಿದರೆ, ನಾಳೆ ನಷ್ಟಪರಿಹಾರದ ಮಾತು ಬಂದಾಗ ಆ ಒಂದು ಪದವೇ ಸಾಕ್ಷಿಯಾದೀತು. ವಿನಯವನ್ನು ತೋರಲು ಬೇರೆ ಎಡೆಯಿದೆ: ಮಾತುಮಾತಿಗೆ ‘ದಯವಿಟ್ಟು’ ಎನ್ನುವುದಕ್ಕೆ ಬದಲಾಗಿ, ‘ಬಾಕಿ ರೂ. 26,500 ಪಾವತಿಮಾಡಿ ಆದಷ್ಟು ಬೇಗ ಉತ್ತರ ಬರೆಯಬೇಕಾಗಿ ಕೋರುತ್ತೇವೆ’ ಎಂದು ಕ್ರಿಯಾಪದಕ್ಕೇ ಮರ್ಯಾದೆ ತುಂಬಿದರಾಯಿತು. ಮೊತ್ತ, ಬಿಲ್ಲಿನ ಸಂಖ್ಯೆ, ಬ್ಯಾಂಕಿನ ಖಾತೆ ಇವಿಷ್ಟರಲ್ಲಿ ಮಾತ್ರ ಅಕ್ಷರವೂ ಅಲುಗಬಾರದು.

ಇಷ್ಟನ್ನೂ ಸರಿಪಡಿಸಿಕೊಂಡ ಮೇಲೆ ಎಲ್ಲಕ್ಕಿಂತ ಸರಳವೆಂದು ನಾವು ಬದಿಗಿಟ್ಟಿದ್ದ ವಾಕ್ಯವೇ ನಮ್ಮನ್ನು ತಡೆದು ನಿಲ್ಲಿಸಿತು. ‘18ರ ಒಳಗೆ’ ಎಂದರೆ 17ರ ರಾತ್ರಿಯೊಳಗೆ ಎಂದು ಯಜಮಾನರು ತಿಳಿದು, 18ರ ಬೆಳಗ್ಗೆ ಯಂತ್ರ ಹೂಡಲು ಇಬ್ಬರು ಆಳುಗಳಿಗೆ ಹೇಳಿಯೂ ಇದ್ದರು. ಮೂಲದ ಇಂಗ್ಲಿಷಿನಲ್ಲಾದರೋ ಆ ದಿನವೂ ಸೇರುವಂತಿತ್ತು. ಅದರ ಮೇಲೆ ಇದ್ದುದು ನಿರೀಕ್ಷೆ, ವಾಗ್ದಾನವಲ್ಲ. ‘ಸಂಜೆಯೊಳಗೆ’ ಎಂದು ನಾವೇ ಸೇರಿಸಿದರೆ ಇಲ್ಲದ ಮಾತನ್ನು ವರ್ತಕರ ಬಾಯಲ್ಲಿ ಆಡಿಸಿದಂತಾಗುತ್ತಿತ್ತು. ಕೊನೆಗೆ ಅವರಿಗೇ ಫೋನು ಮಾಡಿದೆವು. ಲಾರಿ ಊರಿಗೆ ಬರುವುದೇ ಮಧ್ಯಾಹ್ನ ನಾಲ್ಕರ ಮೇಲೆ ಎಂದು ಗುಮಾಸ್ತರು ಹೇಳಿದರು. ‘18ನೆಯ ತಾರೀಖೂ ಸೇರಿದಂತೆ ಅಷ್ಟರೊಳಗೆ ತಲುಪಬಹುದೆಂದು ಎಣಿಸಿದ್ದೇವೆ’ ಎಂದು ತಿದ್ದಿ ಯಜಮಾನರ ಕೈಗಿತ್ತೆವು. ಅವರು ಆಳುಗಳನ್ನು 19ಕ್ಕೆ ಬರಹೇಳಿದರು.