ಎಕ್ಕದ ಬೀಜದ ಪಯಣ

ಮುದ್ದು ಮಕ್ಕಳೇ, ಊರ ಹೊರಗಿನ ಬಯಲಿನಲ್ಲಿ ಬೆಳೆಯುವ ಎಕ್ಕದ ಗಿಡವನ್ನು ನೀವು ಕಂಡಿರುವಿರಿ. ಅದರ ಒಂದು ಬೀಜದ ಕಥೆಯನ್ನು ಈ ಸಲ ನಾವು ಹೇಳುವೆವು.

ಮೊದಲು ಅದಿನ್ನೂ ಬೀಜವಾಗಿರಲಿಲ್ಲ. ನಸುನೇರಳೆ ಹೂವಿನ ಒಡಲಲ್ಲಿ ಬಿಳಿಯ ಕಣವಾಗಿ, ನೂರಾರು ಒಡಹುಟ್ಟಿದವರೊಡನೆ ಕಾದಿತ್ತು. ಬೇರೊಂದು ಹೂವಿನ ಪರಾಗ ಬಾರದೆ ಹೋದರೆ ಹೂವು ಬಾಡಿ ಉದುರುವುದು, ಕಣವೂ ಅದರೊಡನೆ ಮಣ್ಣಾಗುವುದು. ಎಕ್ಕದ ಹೂಗಳಲ್ಲಿ ಹೆಚ್ಚಿನವು ಹೀಗೆಯೇ ಉದುರುತ್ತವೆ.

"ಅವ್ವಾ, ಪರಾಗವನ್ನು ಗಾಳಿ ತರಬಾರದೇ?" ಎಂದಿತು ಕಣ.

"ನಮ್ಮ ಪರಾಗ ಹುಡಿಯಲ್ಲ ಕಂದಾ, ಗಾಳಿಗೆ ಹಾರದು. ಮೇಣದಂತಹ ಎರಡು ಹಳದಿ ಚೀಲಗಳಲ್ಲಿ ಅದು ತುಂಬಿದೆ. ಚೀಲಗಳೆರಡನ್ನೂ ಹಿಡಿದಿರುವುದು ಸಾಸಿವೆಗಿಂತ ಚಿಕ್ಕದಾದ ಒಂದು ಕರಿಯ ಕೊಂಡಿ. ಅದನ್ನು ಎಳೆದೊಯ್ಯಲು ಬಲಶಾಲಿಯೇ ಬೇಕು."

ಅಷ್ಟರಲ್ಲಿ ಗುಂಯ್‌ಗುಟ್ಟುತ್ತ ದೊಡ್ಡ ಕರಿದುಂಬಿಯೊಂದು ಬಂದಿತು. ಒಣಮರವನ್ನು ಕೊರೆದು ಮನೆ ಮಾಡುವ ದುಂಬಿ ಅದು. ಬೇರೊಂದು ಎಕ್ಕದ ಗಿಡದಲ್ಲಿ ಜೇನು ಹೀರುವಾಗ ಅದರ ಕಾಲು ಹೂಮುಕುಟದ ಸೀಳಿನೊಳಗೆ ಜಾರಿ, ಕೊಂಡಿ ಕಚ್ಚಿಕೊಂಡಿತ್ತು. ಸಣ್ಣ ಹುಳುವಾಗಿದ್ದರೆ ಅಲ್ಲಿಯೇ ಸಿಕ್ಕಿ ಸಾಯಲೂಬಹುದಿತ್ತು. ದುಂಬಿಯಾದರೋ ಕಾಲನ್ನು ಜಗ್ಗಿ, ಜೋಡಿ ಚೀಲಗಳೊಡನೆ ಹಾರಿ ಬಂದಿತ್ತು. ಈಗ ಇಲ್ಲಿಯೂ ಅದರ ಕಾಲು ಸೀಳಿಗೆ ಜಾರಿತು. ಒಂದು ಚೀಲ ಒಳಗೆ ಸಿಕ್ಕಿ ಮುರಿದು ಉಳಿಯಿತು. ಅದರಲ್ಲಿದ್ದ ಪರಾಗದ ಕಣಗಳು ಎಳೆಗಳಂತೆ ಬೆಳೆದು ಒಡಲೊಳಗಿಳಿದು, ಕಾದಿದ್ದವರನ್ನೆಲ್ಲ ಮುಟ್ಟಿದವು. ಇದನ್ನೇ ನಿಷೇಚನ ಎನ್ನುವರು. ದುಂಬಿಗೆ ಇದಾವುದರ ಅರಿವೂ ಇಲ್ಲ, ಜೇನು ಕುಡಿದು ಹೊರಟೇಹೋಯಿತು.

ದಳಗಳು ಉದುರಿ, ಉಬ್ಬಿದ ಹಸಿರು ಕಾಯಿ ಮೂಡಿತು. (ಕಾಯಿ ಕೀಳಲು ಹೋಗದಿರಿ ಮಕ್ಕಳೇ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಕೆಡುಕು.) ಒಳಗೆ ಚಪ್ಪಟೆಯಾದ ಕಂದು ಬೀಜಗಳು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಒರಗಿದ್ದವು. ಪ್ರತಿಯೊಂದರ ತಲೆಗೂ ರೇಷ್ಮೆಯಂತಹ ಬಿಳಿಯ ಜುಟ್ಟು. ಬಿಸಿಲಿಗೆ ಕಾಯಿ ಒಣಗಿ, ಒಂದು ಮಗ್ಗುಲಿನಲ್ಲಿ ಬಿರಿಯಿತು.

"ನಿನ್ನ ಬುಡದಲ್ಲಿಯೇ ಇರುವೆನವ್ವಾ."

"ಬೇಡ ಕಂದಾ. ನನ್ನ ನೆರಳು ನಿನಗೆ ಬಿಸಿಲು ಬಿಡದು. ನನ್ನ ಬೇರು ನಿನ್ನ ಪಾಲಿನ ನೀರನ್ನೂ ಹೀರುವುದು. ಜುಟ್ಟು ಒಣಗಿರುವಾಗಲೇ ಹೊರಡು, ನೆನೆದರೆ ಹಾರಲಾರೆ."

ಗಾಳಿ ಬೀಸಿತು. ಜುಟ್ಟು ಕೊಡೆಯಂತೆ ಅರಳಿ ಬೀಜವನ್ನೆತ್ತಿತು. ಒಡಹುಟ್ಟಿದವರಲ್ಲಿ ಕೆಲವರು ಕೆರೆಗೆ ಬಿದ್ದರು, ಕೆಲವರು ಡಾಂಬರು ರಸ್ತೆಗೆ, ಕೆಲವರು ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡರು. ನಮ್ಮ ಬೀಜ ಹಾಳುಗೋಡೆಯೊಂದಕ್ಕೆ ತಗುಲಿ, ಅದರ ಬುಡದ ಮಣ್ಣಿಗಿಳಿಯಿತು. ಜುಟ್ಟು ಕಳಚಿ ಗಾಳಿಯ ಪಾಲಾಯಿತು.

ಬೇಸಿಗೆಯುದ್ದಕ್ಕೂ ಅದು ಅಲ್ಲಿಯೇ ಒಣಗಿ ಮಲಗಿತ್ತು. ಇರುವೆಯೊಂದು ಮೂಸಿ ನೋಡಿ ಮುಂದೆ ಸಾಗಿತು. ಮೊದಲ ಮಳೆಗೆ ಮಣ್ಣು ನೆನೆಯಿತು. ಕೆಲವು ದಿನಗಳಲ್ಲಿ ಗೋಡೆಯ ಬುಡದಲ್ಲಿ ಎರಡು ಎಳೆಯ ಎಲೆಗಳು ಕಾಣಿಸಿಕೊಂಡವು.