ಮಾರಿದ್ದು ಲಕ್ಷ, ಖಾತೆಗೆ ಬಂದದ್ದು 87 ಸಾವಿರ: ಆನ್‌ಲೈನ್ ವ್ಯಾಪಾರದ ಕಾಣದ ಲೆಕ್ಕ

ಅಂತರಜಾಲದಲ್ಲಿ ಸರಕು ಮಾರುವ ಸಣ್ಣ ವ್ಯಾಪಾರಿಯ ಮುಂದೆ ಪ್ರತಿ ವಾರ ಎರಡು ಅಂಕಿಗಳು ನಿಲ್ಲುತ್ತವೆ. ಒಂದು, ತನ್ನ ಜಾಲತಾಣ ತೋರಿಸುವ ಒಟ್ಟು ಆರ್ಡರ್ ಮೊತ್ತ. ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಜಮೆಯಾದ ಹಣ. ಇವೆರಡೂ ಎಂದೂ ಒಂದಾಗುವುದಿಲ್ಲ. ವ್ಯತ್ಯಾಸವನ್ನೆಲ್ಲ 'ಗೇಟ್‌ವೇ ಕಮಿಷನ್' ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಆ ವ್ಯತ್ಯಾಸದಲ್ಲಿ ಕಮಿಷನ್ನಿನ ಪಾಲು ಚಿಕ್ಕದು. ಉಳಿದದ್ದು ಏನು ಎಂದು ತಿಳಿಯದಿದ್ದರೆ ತೆರಿಗೆ ಲೆಕ್ಕವೂ ತಪ್ಪುತ್ತದೆ, ಲಾಭದ ಲೆಕ್ಕವೂ ತಪ್ಪುತ್ತದೆ.

ಈ ಮಾತಿಗೆ ಕರ್ನಾಟಕದಲ್ಲಿ ಈಗ ವಿಶೇಷ ಮಹತ್ವವಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಮಾಹಿತಿಯನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮರೆಯಾಗಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಆ ವಿವಾದದ ಇತ್ಯರ್ಥ ಹೇಗೇ ಆಗಿರಲಿ, ಒಂದು ಸಂಗತಿ ಸ್ಪಷ್ಟವಾಯಿತು. ಡಿಜಿಟಲ್ ಪಾವತಿಯ ದಾಖಲೆ ವ್ಯಾಪಾರಿಯ ಖಾತೆಪುಸ್ತಕಕ್ಕಿಂತ ಹೊರಗೂ ಉಳಿಯುತ್ತದೆ. ಅದನ್ನು ಮುಂದಿಟ್ಟು ಪ್ರಶ್ನೆ ಕೇಳುವವರು ಇದ್ದಾರೆ. ಆಗ ಉತ್ತರಿಸಲು ವ್ಯಾಪಾರಿಯ ಬಳಿ ತನ್ನದೇ ಲೆಕ್ಕ ಇರಬೇಕಾಗುತ್ತದೆ.

ಒಂದು ವಾರದ ಲೆಕ್ಕ

ಉದಾಹರಣೆಗೆ ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಸ್ವಂತ ಜಾಲತಾಣವಿದೆ, ಜಿಎಸ್‌ಟಿ ನೋಂದಣಿಯಿದೆ. ಒಂದು ವಾರದಲ್ಲಿ ತಲಾ 2,500 ರೂಪಾಯಿಯ 40 ಸೀರೆಗಳಿಗೆ ಆರ್ಡರ್ ಬಂದಿದೆ. ಜಾಲತಾಣದ ಪ್ರಕಾರ ಮಾರಾಟ 1,00,000 ರೂಪಾಯಿ. ಇದರಲ್ಲಿ 30 ಗ್ರಾಹಕರು ಯುಪಿಐ ಅಥವಾ ಕಾರ್ಡ್ ಮೂಲಕ ಮುಂಗಡವಾಗಿ ಹಣ ಕಟ್ಟಿದ್ದಾರೆ. ಉಳಿದ 10 ಮಂದಿ ಸರಕು ಕೈಸೇರಿದಾಗ ನಗದು ಕೊಡುವುದಾಗಿ ಹೇಳಿದ್ದಾರೆ.

ಮುಂಗಡ ಪಾವತಿಯ ಮೊತ್ತ 75,000 ರೂಪಾಯಿ. ಪಾವತಿ ಸಂಸ್ಥೆಯೊಂದಿಗಿನ ಒಪ್ಪಂದದಂತೆ ಶೇ 2ರ ಶುಲ್ಕ ಎಂದಿಟ್ಟುಕೊಂಡರೆ ಅದು 1,500 ರೂಪಾಯಿ. ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ 270 ರೂಪಾಯಿ. ಎರಡೂ ಸೇರಿ 1,770. ಈ ನಡುವೆ ಇಬ್ಬರು ಗ್ರಾಹಕರು ಸೀರೆ ಹಿಂದಿರುಗಿಸಿದ್ದರಿಂದ 5,000 ರೂಪಾಯಿ ಮರುಪಾವತಿಯಾಗಿದೆ. ಇವೆಲ್ಲ ಕಳೆದು ಖಾತೆಗೆ ಜಮೆಯಾದದ್ದು 68,230 ರೂಪಾಯಿ.

ನಗದು ಪಾವತಿಯ ಹತ್ತು ಪೊಟ್ಟಣಗಳಲ್ಲಿ ಎರಡನ್ನು ಗ್ರಾಹಕರು ಸ್ವೀಕರಿಸಲಿಲ್ಲ. ಎಂಟು ಪೊಟ್ಟಣಗಳಿಂದ ಕೊರಿಯರ್ ಸಂಸ್ಥೆ 20,000 ರೂಪಾಯಿ ಸಂಗ್ರಹಿಸಿದೆ. ನಗದು ಸಂಗ್ರಹಕ್ಕೆ ಪೊಟ್ಟಣಕ್ಕೆ 50 ರೂಪಾಯಿಯಂತೆ 400, ಮರಳಿ ಬಂದ ಎರಡು ಪೊಟ್ಟಣಗಳ ಸಾಗಣೆಗೆ 200, ಇವುಗಳ ಮೇಲೆ ಜಿಎಸ್‌ಟಿ 108 ಹಿಡಿದುಕೊಂಡು ಅದು ಕಳುಹಿಸಿದ್ದು 19,292 ರೂಪಾಯಿ.

ಎರಡೂ ಜಮೆಗಳನ್ನು ಕೂಡಿದರೆ 87,522 ರೂಪಾಯಿ. ಅಂದರೆ 12,478 ರೂಪಾಯಿಯ ಕೊರತೆ. ಶೇ 12ಕ್ಕೂ ಮೀರಿದ ಈ ಕೊರತೆ ಕಂಡೊಡನೆ ಮಧ್ಯವರ್ತಿಗಳು ನುಂಗಿದರೆಂಬ ಅನುಮಾನ ಸಹಜ. ಆದರೆ ಬಿಡಿಸಿ ನೋಡಿದರೆ ಚಿತ್ರ ಬೇರೆ. ಇದರಲ್ಲಿ 10,000 ರೂಪಾಯಿ ಯಾರಿಗೂ ಹೋದ ಹಣವಲ್ಲ; ಅದು ನಡೆಯದೇ ಹೋದ ನಾಲ್ಕು ಸೀರೆಗಳ ಮಾರಾಟ. ಸೀರೆಗಳು ಮರಳಿ ಕಪಾಟು ಸೇರಿವೆ. ನಿಜವಾದ ಖರ್ಚು 2,478 ರೂಪಾಯಿ. ಅದರಲ್ಲೂ 378 ರೂಪಾಯಿ ಜಿಎಸ್‌ಟಿಯಾದ್ದರಿಂದ ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಅವಕಾಶವಿದೆ. ಉಳಿಯುವುದು 2,100 ರೂಪಾಯಿ. ನಿಜವಾಗಿ ನಡೆದ 90,000 ರೂಪಾಯಿ ಮಾರಾಟಕ್ಕೆ ಇದು ಶೇ 2.3ರಷ್ಟು.

ಈ ವ್ಯಾಪಾರಿಗೆ ಶುಲ್ಕಕ್ಕಿಂತ ದೊಡ್ಡ ತೊಂದರೆ ಮರಳಿ ಬರುವ ಸರಕು. ಹಣ ಹಿಂದಿರುಗಿಸಿದರೂ ಮೊದಲು ಕಡಿತವಾದ ಶುಲ್ಕ ವಾಪಸಾಗುವುದಿಲ್ಲವೆಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಮರಳಿದ ಎರಡು ಮುಂಗಡ ಆರ್ಡರ್‌ಗಳಿಗೆ ತೆತ್ತ 118 ರೂಪಾಯಿ ಹೀಗೆ ವ್ಯರ್ಥವಾಗಿ ಹೋದದ್ದು.

ಉಚಿತ ಯುಪಿಐಗೆ ಶುಲ್ಕವೇಕೆ?

2020ರ ಜನವರಿ 1ರಿಂದ ಯುಪಿಐ ಹಾಗೂ ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವರ್ತಕರಿಂದ ಎಂಡಿಆರ್ ಎಂಬ ಬ್ಯಾಂಕ್ ಶುಲ್ಕವನ್ನು ವಸೂಲು ಮಾಡುವಂತಿಲ್ಲ. ಆದರೂ ಜಾಲತಾಣದ ಯುಪಿಐ ಪಾವತಿಗೆ ಕಡಿತ ಕಂಡು ವರ್ತಕರು ಗೊಂದಲಕ್ಕೊಳಗಾಗುತ್ತಾರೆ. ಅಂಗಡಿಯ ಮುಂದಿನ ಕ್ಯೂಆರ್ ಫಲಕಕ್ಕೂ ಜಾಲತಾಣದ ಪಾವತಿ ಪುಟಕ್ಕೂ ಇರುವ ಅಂತರವೇ ಇದಕ್ಕೆ ಕಾರಣ. ಕ್ಯೂಆರ್ ಪಾವತಿಯಲ್ಲಿ ಹಣ ಖಾತೆಯಿಂದ ಖಾತೆಗೆ ಹೋಗುತ್ತದೆ. ಜಾಲತಾಣದಲ್ಲಿ ನಡುವೆ ಪೇಮೆಂಟ್ ಅಗ್ರಿಗೇಟರ್ ಎಂಬ ಸಂಸ್ಥೆ ನಿಂತು ಹಣ ಸಂಗ್ರಹಿಸುತ್ತದೆ, ಆರ್ಡರ್‌ಗೆ ತಾಳೆ ಹಾಕುತ್ತದೆ, ಮರುಪಾವತಿ ನಿರ್ವಹಿಸುತ್ತದೆ. ಆ ಸೇವೆಗೆ ಅದು ಕೇಳುವುದು ಒಪ್ಪಂದದ ಶುಲ್ಕ. ಅದು ಬ್ಯಾಂಕಿನ ಎಂಡಿಆರ್ ಅಲ್ಲ.

ಕ್ರೆಡಿಟ್ ಕಾರ್ಡ್‌ನ ವಿಚಾರ ಭಿನ್ನ. ಅಲ್ಲಿ ಶುಲ್ಕದ ದೊಡ್ಡ ಪಾಲು ಗ್ರಾಹಕನಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲುತ್ತದೆ. ಡೆಬಿಟ್ ಕಾರ್ಡ್ ಶುಲ್ಕಕ್ಕೆ ರಿಸರ್ವ್ ಬ್ಯಾಂಕ್ 2012ರಿಂದ ಮಿತಿ ಹಾಕಿದ್ದರೂ ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿಯಿಲ್ಲ. ಆದ್ದರಿಂದ ಎಲ್ಲ ಪಾವತಿಗೂ ಒಂದೇ ದರ ಒಪ್ಪಿಕೊಂಡ ವ್ಯಾಪಾರಿ ಅಗ್ಗದ ಯುಪಿಐ ಪಾವತಿಗೂ ಕಾರ್ಡಿನ ದರವನ್ನೇ ತೆರುತ್ತಿರಬಹುದು. ಅರ್ಧಕ್ಕಿಂತ ಹೆಚ್ಚು ಗ್ರಾಹಕರು ಯುಪಿಐ ಬಳಸುವವರಾದರೆ ಪ್ರತ್ಯೇಕ ದರ ಕೇಳುವುದು ನ್ಯಾಯವಾದ ಚೌಕಾಸಿ.

2,000 ರೂಪಾಯಿವರೆಗಿನ ಕಾರ್ಡ್ ಪಾವತಿಯ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಅಗ್ರಿಗೇಟರ್‌ಗಳಿಗೂ ಅನ್ವಯಿಸುತ್ತದೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಹಣ ಸಂದಾಯದ ಹೊಣೆ ಹೊರದೆ ಬರೀ ತಾಂತ್ರಿಕ ಸೇವೆ ನೀಡುವ ಗೇಟ್‌ವೇಗಳಿಗೆ ಅದು ಇಲ್ಲ. ಮೇಲಿನ ಉದಾಹರಣೆಯ ಸೀರೆಯ ಬೆಲೆ ಆ ಮಿತಿಯನ್ನು ದಾಟಿರುವುದರಿಂದ ತೆರಿಗೆ ತಪ್ಪದು.

ಹಣ ಎಲ್ಲಿ ನಿಲ್ಲುತ್ತದೆ?

ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ತಾಸೂ ನಡೆಯುತ್ತಿವೆ. ಹೀಗಿದ್ದೂ ಗ್ರಾಹಕ ಕಟ್ಟಿದ ಹಣ ವ್ಯಾಪಾರಿಗೆ ತಡವಾಗಿ ಬರುವುದೇಕೆಂಬ ಪ್ರಶ್ನೆ ಏಳುತ್ತದೆ. ತಡವಿರುವುದು ಹಣ ಸಾಗಿಸುವ ಹಾದಿಯಲ್ಲಲ್ಲ, ಒಪ್ಪಂದದಲ್ಲಿ. ಎರಡು ಕೆಲಸದ ದಿನಗಳ ಬಳಿಕ ಸಂದಾಯ ಎಂಬ ಷರತ್ತಿದ್ದರೆ, ಶುಕ್ರವಾರದ ಪಾವತಿಯ ಹಣ ಮಂಗಳವಾರ ಬರುತ್ತದೆ. ಸೋಮವಾರ ರಜೆಯಾದರೆ ಬುಧವಾರ. ಹಬ್ಬದ ವಾರದಲ್ಲಿ ವ್ಯಾಪಾರ ಹೆಚ್ಚು, ರಜೆಯೂ ಹೆಚ್ಚು. ಹೀಗಾಗಿ ಹಣ ಅತ್ಯಂತ ಅಗತ್ಯವಿರುವಾಗಲೇ ಅದು ಅತ್ಯಂತ ನಿಧಾನ.

ಈ ನಡುವಿನ ದಿನಗಳಲ್ಲಿ ಹಣ ಅಗ್ರಿಗೇಟರ್‌ನ ಸ್ವಂತ ಜೇಬಿನಲ್ಲಿರುವಂತಿಲ್ಲ. ರಿಸರ್ವ್ ಬ್ಯಾಂಕಿನ 2020ರ ಮಾರ್ಚ್‌ನ ಮಾರ್ಗಸೂಚಿಯು ಬ್ಯಾಂಕೇತರ ಅಗ್ರಿಗೇಟರ್‌ಗಳು ಈ ಹಣವನ್ನು ವಾಣಿಜ್ಯ ಬ್ಯಾಂಕೊಂದರ ಎಸ್ಕ್ರೋ ಖಾತೆಯಲ್ಲಿ ಪ್ರತ್ಯೇಕವಾಗಿಡಬೇಕೆಂದು ವಿಧಿಸಿತು. ಸರಕು ತಲುಪಿಸುವ ಹೊಣೆ ಯಾರದು, ಮರುಪಾವತಿಯ ಅವಧಿ ಮುಗಿಯುವವರೆಗೆ ಹಣ ತಡೆಹಿಡಿಯಲು ವ್ಯಾಪಾರಿ ಒಪ್ಪಿದ್ದಾನೆಯೇ ಎಂಬುದನ್ನು ನೋಡಿ ಸಂದಾಯದ ಗಡುವನ್ನೂ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಈ ನಿಯಮಗಳೆಲ್ಲ ಸೇರಿ ಹೊಸ ನಿರ್ದೇಶನ ಬಂದಿದೆ. ಎಸ್ಕ್ರೋ ಖಾತೆಯಿಂದ ವ್ಯಾಪಾರಿಗೆ ಸುರಕ್ಷತೆ ದೊರಕಿದೆ. ಆದರೆ ವೇಗ ಒಪ್ಪಂದದ ಷರತ್ತನ್ನೇ ಅವಲಂಬಿಸಿದೆ.

'ತಕ್ಷಣ ಸಂದಾಯ' ಎಂಬ ಹೆಸರಿನಲ್ಲಿ ಹೆಚ್ಚುವರಿ ಶುಲ್ಕಕ್ಕೆ ಬೇಗನೆ ಹಣ ಕೊಡುವ ಯೋಜನೆಗಳೂ ಇವೆ. ಎರಡು ದಿನ ಮೊದಲು ಹಣ ಪಡೆಯಲು ಕಾಲು ಶೇಕಡಾ ಕೊಡುವುದೆಂದರೆ ಸಣ್ಣ ಮೊತ್ತವೆನಿಸಬಹುದು. ಅದನ್ನೇ ವಾರ್ಷಿಕ ಬಡ್ಡಿಯಾಗಿ ಲೆಕ್ಕಿಸಿದರೆ ಶೇ 45ನ್ನು ಮೀರುತ್ತದೆ. ನೇಕಾರರಿಗೆ ಶನಿವಾರ ಕೂಲಿ ಕೊಡಲು ಒಮ್ಮೆ ಬಳಸಿದರೆ ಅದು ಅನಿವಾರ್ಯ. ಪ್ರತಿ ವಾರ ಬಳಸಿದರೆ ಅದು ದುಬಾರಿ ಸಾಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಇದಕ್ಕಿಂತ ಎಷ್ಟೋ ಅಗ್ಗ.

ಪುಸ್ತಕದಲ್ಲಿ ಬರೆಯುವುದು ಯಾವುದನ್ನು?

ಸೀರೆ ವ್ಯಾಪಾರಿಯ ಮುಂದೆ ಮೂರು ಅಂಕಿಗಳಿವೆ: 1,00,000, 90,000 ಮತ್ತು 87,522. ಬ್ಯಾಂಕಿಗೆ ಬಂದದ್ದನ್ನೇ ಮಾರಾಟವೆಂದು ಬರೆದರೆ ವಾರಕ್ಕೆ 2,478 ರೂಪಾಯಿ ವಹಿವಾಟು ಮರೆಯಾಗುತ್ತದೆ. ವರ್ಷಕ್ಕೆ ಅದು 1.28 ಲಕ್ಷವನ್ನು ದಾಟುತ್ತದೆ. ಗ್ರಾಹಕ ಕಟ್ಟಿದ ಪೂರ್ಣ ಮೊತ್ತ ಪಾವತಿ ಸಂಸ್ಥೆಯ ದಾಖಲೆಯಲ್ಲಿರುತ್ತದಾದ್ದರಿಂದ ಈ ಅಂತರ ವಂಚನೆಯಂತೆ ಕಾಣುವ ಅಪಾಯವಿದೆ. ಜೊತೆಗೆ ಶುಲ್ಕದ ಮೇಲಿನ ತೆರಿಗೆಯನ್ನು ಹಿಂಪಡೆಯುವ ಹಕ್ಕೂ ಕೈತಪ್ಪುತ್ತದೆ. ಇದಕ್ಕೆ ವಿರುದ್ಧವಾಗಿ ಒಂದು ಲಕ್ಷವನ್ನೇ ಮಾರಾಟವೆಂದು ತೋರಿಸಿದರೆ, ಬೆಲೆಯಲ್ಲಿ ಶೇ 5ರ ಜಿಎಸ್‌ಟಿ ಸೇರಿದೆಯೆಂದಾದಲ್ಲಿ, ನಡೆಯದ ಮಾರಾಟಕ್ಕೆ ಸುಮಾರು 476 ರೂಪಾಯಿ ತೆರಿಗೆ ಕಟ್ಟಿದಂತಾಗುತ್ತದೆ.

ಸರಿಯಾದ ಅಂಕಿ 90,000. ಮರಳಿದ ನಾಲ್ಕು ಸೀರೆಗಳ ಬಿಲ್ಲಿಗೆ ಕ್ರೆಡಿಟ್ ನೋಟ್ ಬರೆಯಬೇಕು. 2,100 ರೂಪಾಯಿಯನ್ನು ಖರ್ಚಿಗೆ, 378 ರೂಪಾಯಿಯನ್ನು ಹೂಡುವಳಿ ತೆರಿಗೆಗೆ ಹಾಕಬೇಕು. ಈ ತೆರಿಗೆ ಸಿಗಬೇಕಾದರೆ ಪಾವತಿ ಸಂಸ್ಥೆ ಹಾಗೂ ಕೊರಿಯರ್ ಸಂಸ್ಥೆಗಳಿಗೆ ತನ್ನ ಜಿಎಸ್‌ಟಿ ಸಂಖ್ಯೆ ಕೊಟ್ಟಿರಬೇಕು. ಅವುಗಳ ಮಾಸಿಕ ಬಿಲ್ಲು ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಬೇಕು. ಸಂಖ್ಯೆ ಕೊಡಲು ಮರೆತ ವ್ಯಾಪಾರಿ ತಿಂಗಳು ತಿಂಗಳೂ ಈ ಹಣ ಕಳೆದುಕೊಳ್ಳುತ್ತಾನೆ, ಅದು ಅವನಿಗೆ ತಿಳಿಯುವುದೂ ಇಲ್ಲ.

ತಾಳೆ ನೋಡಲು ಮೂರು ಕಾಗದ ಸಾಕು: ಜಾಲತಾಣದ ಆರ್ಡರ್ ಪಟ್ಟಿ, ಪಾವತಿ ಸಂಸ್ಥೆಯ ಸೆಟ್ಲ್‌ಮೆಂಟ್ ವರದಿ, ಬ್ಯಾಂಕ್ ಸ್ಟೇಟ್‌ಮೆಂಟ್. ಬ್ಯಾಂಕಿನ ಪ್ರತಿ ಜಮೆಯ ಎದುರಿರುವ ಯುಟಿಆರ್ ಸಂಖ್ಯೆಯನ್ನು ಸೆಟ್ಲ್‌ಮೆಂಟ್ ವರದಿಯಲ್ಲಿ ಹುಡುಕಿದರೆ ಆ ಜಮೆಯಲ್ಲಿ ಯಾವ ಆರ್ಡರ್‌ಗಳು ಸೇರಿವೆ, ಏನೇನು ಕಡಿತವಾಗಿದೆ ಎಂಬುದು ಸಿಗುತ್ತದೆ. ಆರ್ಡರ್ ಪಟ್ಟಿಯಲ್ಲಿ 'ವಿಫಲ' ಎಂದಿದ್ದು ವರದಿಯಲ್ಲಿ ಹಣ ಬಂದಿರುವುದು ಕಂಡರೆ ಆ ಗ್ರಾಹಕನಿಗೆ ಸರಕು ಅಥವಾ ಹಣ ಬಾಕಿಯಿದೆ ಎಂದರ್ಥ. ಪೊಟ್ಟಣ ತಲುಪಿ ವಾರಗಳು ಕಳೆದರೂ ಕೊರಿಯರ್ ಜಮೆಯಲ್ಲಿ ಆ ಸಂಖ್ಯೆ ಕಾಣದಿದ್ದರೆ ಕೇಳಬೇಕಾದ ಹಣ ಅದು. ವಾರಕ್ಕೊಮ್ಮೆ ನೋಡಿದರೆ ನಲವತ್ತು ಸಾಲುಗಳ ಕೆಲಸ. ನೋಟಿಸ್ ಬಂದ ಮೇಲೆ ಕುಳಿತರೆ ನಾಲ್ಕು ವರ್ಷಗಳ ಸಾಲುಗಳನ್ನು ಹುಡುಕಬೇಕಾದೀತು.