‘ನಿನ್ನೆಯೇ ಕೊಟ್ಟಾಯ್ತಲ್ಲ’ ಎನ್ನುವ ಮೊದಲು

ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದ ಕೂಡಲೇ ‘ಅಯ್ಯೋ, ನಿನ್ನೆಯೇ ಕೊಟ್ಟಾಯ್ತಲ್ಲ’ ಎಂಬ ಮಾತು ಕೇಳಿ ವಾಪಸಾದವರು ನಮ್ಮಲ್ಲಿ ಕಡಿಮೆಯಿಲ್ಲ. ವಾರ ಕಳೆದರೂ ಗೇಟಿನ ಬೋರ್ಡು ಅಲ್ಲೇ ಇರುತ್ತದೆ. ಈಗ ನಮ್ಮವರೂ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದಾರೆ. ಇಲ್ಲ ಎನ್ನುವ ಸರದಿ ನಮಗೂ ಬಂದಿದೆ.

ಸೊರಬ ತಾಲೂಕಿನ ಹೊಸಬಾಳೆಯಲ್ಲಿ ನಮ್ಮ ಪರಿಚಯದ ಕಾಕ ಒಬ್ಬರು ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗಿಟ್ಟರು. ಒಂದೇ ಬಚ್ಚಲು, 500 ಲೀಟರಿನ ಟ್ಯಾಂಕ್. ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತದೆ. ಹಾಗಾಗಿ ಯಾರೂ ಬರುವ ಮೊದಲೇ ನಾಲ್ಕು ಜನಕ್ಕೆ ಮಾತ್ರ, ತಿಂಗಳಿಗೆ 4,000, ಅಡ್ವಾನ್ಸ್ 20,000 ಎಂದು ಚೀಟಿಯಲ್ಲಿ ಬರೆದಿಟ್ಟರು.

ಕಾಕ ಇಲ್ಲದ ಹೊತ್ತಲ್ಲಿ ಬೇರೆ ಸಮುದಾಯದವರೊಬ್ಬರು ಬಂದು, ಮನೆ ಹಿಡಿಸಿತೆಂದು 1,000 ಟೋಕನ್ ಕೊಟ್ಟು ಹೋದರು. ವಿಚಾರಿಸಿದರೆ ಅವರು ಏಳು ಜನ. ‘ಬೇರೆಯವರಿಗೆ ಕೊಟ್ಟಾಯ್ತು ಅಂತ ಹೇಳಿಬಿಡಿ’ ಎಂದರು ಮನೆಯವರು. ಕಾಕ ಒಪ್ಪಲಿಲ್ಲ. ಅದೇ ಸಂಜೆ ಫೋನ್ ಮಾಡಿದರು: ‘ಮನೆ ನೋಡಲಿಕ್ಕೆ ಬಂದದ್ದು ಸಂತೋಷ. ಒಂದೇ ಬಚ್ಚಲು, ನೀರೂ ಕಡಿಮೆ. ನಾಲ್ಕು ಜನಕ್ಕೆ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಹಾಗಾಗಿ ಕೊಡಲಿಕ್ಕೆ ಆಗುವುದಿಲ್ಲ. ನಿಮ್ಮ ಟೋಕನ್ ನಾಳೆ ಬೆಳಿಗ್ಗೆ ನಾನೇ ತಂದು ಕೊಡುತ್ತೇನೆ.’

ಈ ಮಾತಿನಲ್ಲಿ ಮನೆಯ ವಿಷಯ ಇದೆ, ಬಂದವರ ವಿಷಯ ಇಲ್ಲ. ಅವರ ಊಟ, ಕೆಲಸ, ಜಾತಿ, ಮಕ್ಕಳ ಗಲಾಟೆ ಯಾವುದೂ ಬರಲಿಲ್ಲ. ‘ನನಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪುವುದಿಲ್ಲ’ ಎಂದೂ ಹೇಳಲಿಲ್ಲ. ಅದು ಬೇರೆಯವರ ಹೆಗಲ ಮೇಲೆ ಕೋವಿ ಇಟ್ಟ ಹಾಗೆ. ‘ನೋಡುವಾ, ಹೇಳ್ತೇನೆ’ ಎಂದು ತೂಗಾಡಿಸಲೂ ಇಲ್ಲ. ಹಾಗೆ ಹೇಳಿದರೆ ಪಾಪ ಅವರು ನಮ್ಮನ್ನು ನಂಬಿ ಬೇರೆ ಮನೆ ಹುಡುಕುವುದನ್ನೇ ಬಿಡುತ್ತಾರೆ. ಇಬ್ಬರು ಅರ್ಹರಿದ್ದರೆ ಮೊದಲು ಬಂದವರಿಗೆ ಕೊಟ್ಟೆವೆಂದರೆ ಸಾಕು, ಅದು ನಿಜವಾಗಿದ್ದರೆ.

ಆದರೆ ಒಳಗಿನ ಕಾರಣವೇ ಕೆಟ್ಟದ್ದಾದರೆ ಸವಿ ಮಾತಿನಿಂದ ಅದು ಸರಿಯಾಗುವುದಿಲ್ಲ. ತೃತೀಯ ಲಿಂಗಿ ಎಂಬ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವುದನ್ನು 2019ರ ಕಾಯ್ದೆ ನಿಷೇಧಿಸಿದೆ. ಎಚ್‌ಐವಿ ಇರುವವರ ವಿಷಯದಲ್ಲಿ 2017ರ ಕಾಯ್ದೆಯೂ ಹಾಗೆಯೇ ಹೇಳುತ್ತದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಪ್ರವೇಶವನ್ನು ಹೆಸರಿಸುತ್ತದೆ, ಖಾಸಗಿ ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಧರ್ಮದ ಕಾರಣಕ್ಕೆ ಮನೆ ಸಿಗದ ನಮ್ಮವರು ಕೇಸು ಹಾಕದೆ ಸುಮ್ಮನೆ ಬರುವುದಕ್ಕೆ ಇದೂ ಒಂದು ಕಾರಣ. ಕಾನೂನು ಹಿಡಿಯುವುದಿಲ್ಲವೆಂದು ನಾವೂ ಅದನ್ನೇ ಮಾಡಬೇಕೇ?

ಹತ್ತು ದಿನದ ನಂತರ ಕಾಕನ ಸಂಬಂಧಿಕರೇ ಮನೆ ಕೇಳಿಕೊಂಡು ಬಂದರು. ಆರು ಜನ. ಅವರಿಗೆ ಕೊಟ್ಟಿದ್ದರೆ ಮೊದಲಿನವರಿಗೆ ಹೇಳಿದ್ದೆಲ್ಲ ಅಂದೇ ಸುಳ್ಳಾಗುತ್ತಿತ್ತು, ಊರಿಗೂ ಗೊತ್ತಾಗುತ್ತಿತ್ತು. ಕಾಕ ಅದೇ ಚೀಟಿ ತೋರಿಸಿದರು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮನೆ ಇನ್ನೂ ಖಾಲಿ ಇದೆ, ಬೋರ್ಡೂ ಇದೆ.